ರಕ್ತಕಣ ‘ಪೆಡಸು’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿರೋ ನಮ್ಮಕ್ಕನ ಮಗಳಿಗೆ ಹೆರಿಡಿಟರಿ ಸ್ಫೀರೋಸೈಟೋಸಿಸ್, ಅಂದ್ರೆ ಕೆಂಪು ರಕ್ತಕಣ ಗುಂಡಗಾಗೋ ವಂಶದ ಕಾಯಿಲೆ, ಅಂದಿದ್ದಾರೆ. ಏಳು ವರ್ಷದ ಮಗು, ಹೀಮೋಗ್ಲೋಬಿನ್ 9ರ ಹತ್ರ, ಆಗಾಗ ಕಣ್ಣು ಹಳದಿ ಆಗುತ್ತೆ. ಅಜ್ಜಿಗೆ ಓದಿ ಹೇಳೋಕೆ ಒಂದು ಪುಟ ಬರೀತಿದ್ದೀನಿ. ರಿಪೋರ್ಟಲ್ಲಿ ಆಸ್ಮಾಟಿಕ್ ಫ್ರಜಿಲಿಟಿ ಜಾಸ್ತಿ ಅಂತಿತ್ತು, ಅದಕ್ಕೆ “ಕಣ ಪೆಡಸಾಗಿದೆ, ಮುಟ್ಟಿದ್ರೆ ಒಡೆಯುತ್ತೆ, ಅದಕ್ಕೇ ಗುಲ್ಮ ಅದನ್ನ ತೆಗೆದುಹಾಕುತ್ತೆ” ಅಂತ ಬರೆದೆ. ಸರೀನಾ?

> ಪೆಡಸು ಸರಿಯಾಗೇ ಇದೆ ಬಿಡಿ. ಥಲಸ್ಸೀಮಿಯಾ ಥರ ಹೀಮೋಗ್ಲೋಬಿನ್ನೇ ಕೆಟ್ಟಿರುತ್ತೆ, ಕಣ ಗುಂಡಗಾಗಿ ಸ್ಪ್ಲೀನ್ ದಾಟಲ್ಲ. ಸ್ಪ್ಲೀನ್ ತೆಗೆಸಿದ್ರೆ ಕಣ ಮತ್ತೆ ಚಪ್ಪಟೆ ಆಗುತ್ತೆ.

> ಗುಲ್ಮ ಬೇಡ ಮೇಡಂ, ಆಯುರ್ವೇದದಲ್ಲಿ ಗುಲ್ಮ ಅಂದ್ರೆ ಹೊಟ್ಟೇಲಿ ಗಡ್ಡೆ ಥರ ಬರೋ ಕಾಯಿಲೆ, ಪ್ಲೀಹ ಅಂತ ಹಾಕಿ. ಆಮೇಲೆ ನಮ್ಮ ಹುಡುಗನಿಗೂ ಕಾಮಾಲೆ ಆಗಿತ್ತು, ನಾಟಿ ಔಷಧಿ ಕೊಡಿಸಿದ್ವಿ, ವಾಸಿಯಾಯ್ತು, ನೀವೂ ನೋಡಿ.

> ಮೈಸೂರಲ್ಲಿ ಬ್ಲಡ್ ಲ್ಯಾಬಲ್ಲಿ ಕೆಲಸ ನಂದು. ನಾಟಿ ಔಷಧಿ ಬೇಡ ಸಾರ್, ಇದು ಲಿವರ್ ಕಾಮಾಲೆ ಅಲ್ಲ, ಕಣ ಒಡೆದು ಬರೋ ಹಳದಿ. ಹೀಮೋಗ್ಲೋಬಿನ್ನೂ ಕೆಟ್ಟಿರಲ್ಲ, ಕೊರತೆ ಇರೋದು ಪೊರೆ ಕಡೆ. ಪೊರೆಯ ಒಳಮೈಗೆ ಸ್ಪೆಕ್ಟ್ರಿನ್ ಅನ್ನೋ ಪ್ರೋಟೀನಿನ ಬಲೆ ಹಾಸಿರುತ್ತೆ, ಅದನ್ನ ಪೊರೆಗೆ ಕಟ್ಟಿ ಹಿಡಿಯೋದು ಆಂಕೈರಿನ್ ಮತ್ತೆ ಅದರ ಜೊತೆಗಾರರು. ಇದರಲ್ಲಿ ಯಾವುದೋ ಒಂದು ಕಮ್ಮಿಯಾದ್ರೆ ಆಸರೆ ತಪ್ಪಿದ ಪೊರೆ ಚೂರುಚೂರೇ ಗುಳ್ಳೆಯಾಗಿ ಉದುರಿಹೋಗುತ್ತೆ. ಒಳಗಿನ ಸರಕು ಹೆಚ್ಚುಕಮ್ಮಿ ಅಷ್ಟೇ, ಹೊದಿಕೆ ಮಾತ್ರ ಸಾಲದು, ಆಗ ಗುಂಡಗಾಗದೆ ಬೇರೆ ದಾರಿ ಇಲ್ಲ. ಅರ್ಧ ತುಂಬಿದ ಮೂಟೇನ ಕಿರಿದಾದ ಬಾಗಿಲಲ್ಲಿ ಬಗ್ಗಿಸಿ ತೂರಿಸಬಹುದು, ಬಾಯಿ ತನಕ ಗಿಡಿದಿದ್ದು ಬಗ್ಗಲ್ಲ. ಸ್ಪ್ಲೀನಲ್ಲಿ ಕಣ ದಾಟಬೇಕಾದ ಸಂದು ಸುಮಾರು 1 ಮೈಕ್ರಾನ್, ಕಣದ ಅಗಲ 7–8. ಗುಂಡು ಕಣ ಅಲ್ಲೇ ಸಿಕ್ಕಿಕೊಳ್ಳುತ್ತೆ, ಸಕ್ಕರೆ ಕಮ್ಮಿ ಇರೋ ಆ ಜಾಗದಲ್ಲಿ ನಿಂತಷ್ಟೂ ಇನ್ನಷ್ಟು ಪೊರೆ ಕಳ್ಕೊಳ್ಳುತ್ತೆ, ಕೊನೆಗೆ ಮ್ಯಾಕ್ರೋಫೇಜ್ ನುಂಗುತ್ತೆ.
>
> ಫ್ರಜಿಲಿಟಿ ಟೆಸ್ಟಲ್ಲಿ ನಾವು ಮುಟ್ಟಿ ನೋಡಲ್ಲ, ಉಪ್ಪುನೀರನ್ನ 0.9 ಪರ್ಸೆಂಟಿಂದ ತೆಳು ಮಾಡ್ತಾ ಹೋಗ್ತೀವಿ. ನೀರು ಒಳಗೆ ನುಗ್ಗಿದಾಗ ಮಾಮೂಲಿ ಕಣ ಉಬ್ಬಿಕೊಂಡು ತಾಳುತ್ತೆ, ಒಡೆಯೋಕೆ ಶುರುವಾಗೋದು 0.5ರ ಆಸುಪಾಸು. ಗುಂಡು ಕಣಕ್ಕೆ ಉಬ್ಬೋಕೆ ಜಾಗಾನೇ ಇಲ್ಲ, ಅದಕ್ಕಿಂತ ಮುಂಚೇನೇ ಒಡೆಯುತ್ತೆ. ಹಂಗಾಗಿ “ಮುಟ್ಟಿದ್ರೆ ಒಡೆಯುತ್ತೆ” ತೆಗೀರಿ, “ಬಗ್ಗದ, ಉಬ್ಬೋಕೆ ಜಾಗ ಇಲ್ಲದ ಕಣ” ಅನ್ನಿ. ಸ್ಪ್ಲೀನ್ ತೆಗೆದ ಮೇಲೂ ಕಣ ಗುಂಡಗೇ ಇರುತ್ತೆ, ಹಿಡಿಯೋರು ಇಲ್ದೆ ಜಾಸ್ತಿ ದಿನ ಬದುಕುತ್ತೆ ಅಷ್ಟೆ. ಆದ್ರೆ ನ್ಯೂಮೋಕಾಕಸ್ ಥರದ ಸೋಂಕಿನ ಭಯ ಜೀವನಪೂರ್ತಿ ಇರುತ್ತೆ, ಲಸಿಕೆ ಮೊದಲೇ ಹಾಕಿಸಬೇಕು, ರೋಗ ಲಘುವಾಗಿದ್ರೆ ತೆಗೆಸೋದೇ ಬೇಡ. ಅಂದಹಾಗೆ ಕೂಂಬ್ಸ್ ನೆಗೆಟಿವ್ ತಾನೆ? ದೇಹಾನೇ ತನ್ನ ಕಣದ ಮೇಲೆ ಬೀಳೋ ಕಾಯಿಲೇಲೂ ಗುಂಡು ಕಣ ಬರುತ್ತೆ.

ಥ್ಯಾಂಕ್ಸ್ ಸಾರ್, ಕೂಂಬ್ಸ್ ನೆಗೆಟಿವ್ವೇ, ಎಂಸಿಎಚ್‌ಸಿ 37. ಭಾವನಿಗೆ ಚಿಕ್ಕ ವಯಸ್ಸಲ್ಲೇ ಪಿತ್ತಕೋಶದ ಕಲ್ಲು ಅಂತ ಆಪರೇಷನ್ ಆಗಿತ್ತು, ಅದೂ ಇದೇನಾ?

> ಇರಬಹುದು, ಅವರದ್ದೂ ಒಂದು ಸ್ಮಿಯರ್ ಮಾಡಿಸಿ.

> ಶಾಲೆ ಪುಸ್ತಕದಲ್ಲಿ ಗುಲ್ಮ ಅಂತಾನೇ ಇದೆ, ಪ್ಲೀಹ ಅಂದ್ರೆ ಅಜ್ಜಿಗೆ ಗೊತ್ತಾಗುತ್ತಾ?