ತೊಡೆಗೆ ಕಫ್ ಕಟ್ಟಿ 10 ಕಿಲೋ ಎತ್ತಿದರೆ ಸ್ನಾಯು ಬೆಳೆಯುತ್ತಾ?

ನಿಖಿಲ್: ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಒಂದೇ ಸಲ ಅಂದ್ರೆ ನಾನು 40 ಕಿಲೋ ಎತ್ತಬಲ್ಲೆ. ಮಂಡಿ ನೋವು ಅಂತ ಫಿಸಿಯೋ ಮಾತ್ರ ತೊಡೆಗೆ ಗಾಳಿ ತುಂಬೋ ಪಟ್ಟಿ, ಅಂದ್ರೆ ಕಫ್ ಕಟ್ಟಿ 10 ಕಿಲೋದಲ್ಲೇ ಮಾಡಿಸ್ತಾರೆ. ಇಷ್ಟು ಹಗುರದಲ್ಲಿ ಸ್ನಾಯು ಯಾಕೆ ಬೆಳೆಯಬೇಕು?

ಜಿಮ್ ಟ್ರೇನರ್ ಮಂಜು: ರಕ್ತ ಕಟ್ಟಿ ತೊಡೆ ಊದುತ್ತೆ, ಗ್ರೋತ್ ಹಾರ್ಮೋನ್ ಏರುತ್ತೆ, ಅದಕ್ಕೇ. ಎಷ್ಟು ಬಿಗಿಯೋ ಅಷ್ಟು ಲಾಭ.

ಡಾ. ಶೈಲಜಾ, ಫಿಸಿಯೋಥೆರಪಿಸ್ಟ್: ಮಂಜು, ಹಾರ್ಮೋನ್ ಏರೋದು ಹೌದು. ಆದ್ರೆ ಆ ಕ್ಷಣಿಕ ಏರಿಕೆಯೇ ಸ್ನಾಯು ಬೆಳೆಸುತ್ತೆ ಅನ್ನೋಕೆ ಪುರಾವೆ ಸಾಲದು. ಊತದ ಪಾತ್ರ ಎಷ್ಟು ಅನ್ನೋದೂ ಇನ್ನೂ ಚರ್ಚೆಯಲ್ಲೇ ಇದೆ.

ನಿಖಿಲ್, ಮುಖ್ಯ ಕಾರಣ ದಣಿವು. 10 ಕಿಲೋ ಎತ್ತೋಕೆ ಮೊದಲು ಸಣ್ಣ, ಬೇಗ ದಣಿಯದ ತಂತುಗಳೇ ಸಾಕು. ದೊಡ್ಡವು ಸುಮ್ಮನಿರುತ್ತವೆ. ಕಫ್ ಒಳಬರೋ ರಕ್ತವನ್ನು ಕಮ್ಮಿ ಮಾಡಿ, ಹೊರಹೋಗೋದನ್ನು ಬಹುತೇಕ ತಡೆಯುತ್ತೆ. ಆಮ್ಲಜನಕ ಇಳಿದು, ತ್ಯಾಜ್ಯ ಅಲ್ಲೇ ಉಳಿದು ಸಣ್ಣ ತಂತುಗಳು ಬೇಗ ಸೋಲುತ್ತವೆ. ಅದೇ ತೂಕ ಎತ್ತಲು ನರಮಂಡಲ ದೊಡ್ಡ ತಂತುಗಳನ್ನೂ ಕರೆಯಲೇಬೇಕಾಗುತ್ತೆ. ಹಾಗೆ ಎಳೆತಕ್ಕೆ ಸಿಕ್ಕ ತಂತುವೇ ಬೆಳೆಯೋದು.

ಸಾಮಾನ್ಯ ಕ್ರಮ ನಾಲ್ಕು ಸೆಟ್, ಕ್ರಮವಾಗಿ 30, 15, 15, 15 ಸಲ ಎತ್ತೋದು. ನಡುವೆ 30 ಸೆಕೆಂಡ್ ವಿಶ್ರಾಂತಿ, ಆಗಲೂ ಕಫ್ ಸಡಿಲಿಸಬಾರದು, ಸಡಿಲಿಸಿದರೆ ತ್ಯಾಜ್ಯ ತೊಳೆದುಹೋಗುತ್ತೆ. ನಾಲ್ಕೂ ಸೆಟ್ ಮುಗಿದ ಮೇಲೆ ಗಾಳಿ ಬಿಡಬೇಕು. ತೂಕ ಗರಿಷ್ಠದ 20ರಿಂದ 30 ಪ್ರತಿಶತ, ಹಾಗಾಗಿ ನಿಮಗೆ 8ರಿಂದ 12 ಕಿಲೋ.

ಎಡವಟ್ಟಾಗೋದು ಒತ್ತಡದಲ್ಲಿ. ನಾಡಿ ಪೂರ್ತಿ ನಿಲ್ಲೋ ಒತ್ತಡವನ್ನು ಮೊದಲು ರಕ್ತದ ಹರಿವು ಪತ್ತೆಹಚ್ಚೋ ಡಾಪ್ಲರ್ ಯಂತ್ರದಲ್ಲಿ ಅಳೆಯಬೇಕು. ಅದು 180 mmHg ಬಂದರೆ ತೊಡೆಗೆ ಅದರ 60 ಪ್ರತಿಶತ, ಅಂದ್ರೆ 108ರ ಆಸುಪಾಸು. ಅಗಲ ಪಟ್ಟಿಗೆ ಕಡಿಮೆ ಒತ್ತಡ ಸಾಕು, ದಪ್ಪ ತೊಡೆಗೆ ಹೆಚ್ಚು ಬೇಕು, ಆದ್ದರಿಂದ ಗೆಳೆಯನ ಅಂಕಿ ನಿಮಗೆ ಹೊಂದದು. "ಎಷ್ಟು ಬಿಗಿಯೋ" ಅನ್ನೋ ಲೆಕ್ಕ ಇಲ್ಲಿ ನೋವನ್ನಷ್ಟೇ ಹೆಚ್ಚಿಸುತ್ತೆ. ಉರಿ ಸಹಜ, ಜೋಮು, ಮರಗಟ್ಟುವಿಕೆ, ಪಾದ ಬಿಳಿಚಿ ತಣ್ಣಗಾಗೋದು ಸಹಜವಲ್ಲ. ಕೂಡಲೇ ಗಾಳಿ ಬಿಡಿ.

ಸುಮಂಗಲಾ: ನನಗೆ ಬಿಪಿ ಇದೆ ಮೇಡಂ. ಮನೆಯಲ್ಲಿರೋ ಬಿಪಿ ಮಷೀನ್ ಪಟ್ಟಿನೇ ಕಟ್ಟಿಕೊಳ್ಳಲಾ?

ಡಾ. ಶೈಲಜಾ: ಬೇಡಮ್ಮ. ಅದು ತೋಳಿಗೆ ಅಳೆಯೋಕೆ ಮಾಡಿದ್ದು, ಒತ್ತಡ ಹಿಡಿದಿಡಲ್ಲ. ಬಿಪಿ ಹತೋಟಿಯಲ್ಲಿಲ್ಲದವರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಮಂಜು: ಕಫ್ ಇಲ್ಲದೇ 10 ಕಿಲೋನ ಕೈಚೆಲ್ಲೋವರೆಗೂ ಎತ್ತಿದ್ರೆ?

ಡಾ. ಶೈಲಜಾ: ಗಾತ್ರ ಬಹುಮಟ್ಟಿಗೆ ಅಷ್ಟೇ ಬರುತ್ತೆ, ಆದ್ರೆ ಎಷ್ಟೋ ಹೆಚ್ಚು ಸಲ ಎತ್ತಬೇಕು. ನೋಯುವ ಮಂಡಿಗೆ ಅದೇ ಕಷ್ಟ. ಬಲದಲ್ಲಂತೂ ಭಾರದ ತಾಲೀಮೇ ಮುಂದು. ಮಂಡಿ ಒಪ್ಪಿದ ಮೇಲೆ ಅದಕ್ಕೇ ಮರಳಬೇಕು.

ನಿಖಿಲ್: ನನಗೆ ಕೊನೇ 15 ಕೂಡ ಸಲೀಸು ಮೇಡಂ, ವೇಗವೇ ಇಳಿಯಲ್ಲ.

ಡಾ. ಶೈಲಜಾ: ಹಾಗಾದ್ರೆ ದೊಡ್ಡ ತಂತುಗಳಿಗೆ ಕರೆ ಹೋಗೇ ಇಲ್ಲ. ಮೊದಲು ಕಫ್ ಜಾರಿದೆಯಾ, ಒತ್ತಡ ಇಳಿದಿದೆಯಾ ನೋಡಿಸಿ. ಎರಡೂ ಸರಿಯಿದ್ದರೆ ಮುಂದಿನ ಸಲ 12 ಕಿಲೋ ಕೇಳಿ.