ಅಪ್‌ಡೇಟ್: ಎಪಿಐ ನಿಂತ ನಷ್ಟಕ್ಕೆ ಬ್ರೋಕರ್‌ಗೆ ಬರೆದ ದೂರು

ನನ್ನ ಪ್ರಶ್ನೆ: “ಎಕ್ಸ್‌ಪೈರಿ ದಿನ ನಮ್ಮ ಕೋಡ್‌ನಿಂದ ಬ್ರೋಕರ್‌ಗೆ ಆರ್ಡರ್ ಕಳಿಸುವ ಎಪಿಐ ನಿಂತು ಆಪ್ಷನ್ ಮಾರಲಾಗಲಿಲ್ಲ. ದೂರಿನಲ್ಲಿ ಏನು ಬರೆಯಲಿ?”

ಮೊದಲ ಪತ್ರಕ್ಕೆ ‘ತಾಂತ್ರಿಕ ಅಡಚಣೆ’ ಅಂತ ಒಂದೇ ಸಾಲಿನ ಉತ್ತರ ಬಂತು. ಎರಡನೆಯದರಲ್ಲಿ ಲಾಗ್‌ನ ಸಾಲನ್ನೇ ಅಂಟಿಸಿದೆ:

```
14:12:07 POST /orders 503
```

503 ಅಂದರೆ ಸರ್ವರ್ ಕಡೆಯ ತೊಂದರೆ. 429 ಬಂದಿದ್ದರೆ ಮಿತಿ ಮೀರಿ ರಿಕ್ವೆಸ್ಟ್ ಕಳಿಸಿದ್ದು ನಮ್ಮ ಕೋಡೇ, ಆಗ ದೂರು ನಿಲ್ಲುವುದಿಲ್ಲ.

ಆ ಕ್ಷಣದ ಆಪ್ಷನ್ ಬೆಲೆ ₹112, 14:31ಕ್ಕೆ ಆರ್ಡರ್ ಹೋದಾಗ ₹74. ವ್ಯತ್ಯಾಸ ₹38, 75 ಯೂನಿಟ್‌ಗೆ ₹2,850. ಕೇಳಿದ್ದು ಅಷ್ಟೇ. ‘ಇನ್ನೂ ಲಾಭ ಬರುತ್ತಿತ್ತು’ ಅಂತ ಸೇರಿಸಿದರೆ ಪತ್ರ ಸಡಿಲವಾಗುತ್ತದೆ.

‘ಆ್ಯಪ್ ನಡೆಯುತ್ತಿತ್ತಲ್ಲ’ ಅನ್ನೋದು ಬ್ರೋಕರ್‌ನ ಗಟ್ಟಿ ವಾದ. ಅದಕ್ಕೇ 14:15ರ ಆ್ಯಪ್ ಎರರ್‌ನ ಸ್ಕ್ರೀನ್‌ಶಾಟ್, ಡೀಲರ್‌ಗೆ ಮಾಡಿದ ಕರೆಗಳ ಪಟ್ಟಿ ಲಗತ್ತಿಸಿದೆ. ಆದರೂ ಒಪ್ಪಲಿಲ್ಲ. ಈಗ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು ಹಾಕಿದ್ದೇನೆ. ಬ್ರೋಕರ್ 21 ದಿನದೊಳಗೆ ಉತ್ತರಿಸಬೇಕು.