ಅಪ್‌ಡೇಟ್: ಎಲೆ ಮುರುಟಿದ್ದು ಮೆಣಸಿಗೆ ನುಸಿ, ಟೊಮೆಟೊಗೆ ವೈರಸ್

ನನ್ನ ಪ್ರಶ್ನೆ: ಕಾರವಾರದಲ್ಲಿ ಹಿತ್ತಲಿನ ಮೆಣಸು, ಟೊಮೆಟೊ ಎರಡರ ಎಲೆನೂ ಮುರುಟ್ತಾ ಇದೆ, ಬಿಸಿಲಿಗಾ ರೋಗಾನಾ?

ಉತ್ತರ ಕೊಟ್ಟೋರಿಗೆಲ್ಲ ಥ್ಯಾಂಕ್ಸ್. ಮೆಣಸಿನ ಚಿಗುರು ನೋಡಿದ್ರೆ ಅಂಚು ಕೆಳಗೆ ಬಗ್ಗಿ ದೋಣಿ ಮಗುಚಿ ಹಾಕ್ದಂಗಿತ್ತು, ತೊಟ್ಟು ಉದ್ದ ಆಗಿತ್ತು, ಅಂದ್ರೆ ಮೈಟ್ ನುಸಿ, ಥ್ರಿಪ್ಸ್ ಆಗಿದ್ರೆ ಅಂಚು ಮೇಲಕ್ಕೆ ಮಡಚ್ತಿತ್ತು. ಬರಿಗಣ್ಣಿಗೆ ಏನೂ ಕಾಣಲ್ಲ, ಭೂತಗನ್ನಡಿ ಹಿಡಿದು ಎಲೆ ಅಡಿಭಾಗ ನೋಡ್ದಾಗ ಸಣ್ಣ ಸಣ್ಣದು ಓಡಾಡ್ತಿತ್ತು.

ನೀರಲ್ಲಿ ಬೆರೆಸೋ ಗಂಧಕದ ಪುಡಿ ಲೀಟರಿಗೆ 3 ಗ್ರಾಂ ಹಾಕಿ, ಬಿಸಿಲು ಇಳಿದ್ಮೇಲೆ ಎಲೆ ಅಡಿಗೆ ತಾಗೋ ಹಾಗೆ ಹೊಡೆದೆ, ಸುಡು ಬಿಸಿಲಲ್ಲಿ ಹೊಡೆದ್ರೆ ಎಲೆ ಸುಟ್ಟೋಗತ್ತೆ. ಬೇವಿನೆಣ್ಣೆ ಹೊಡೆದಿದ್ರೆ ಎರಡು ವಾರ ಬಿಟ್ಟೇ ಗಂಧಕ ಹೊಡೀಬೇಕು. ಮುರುಟಿದ ಎಲೆ ನೆಟ್ಟಗಾಗ್ಲಿಲ್ಲ, ಅದು ಆಗೋದೂ ಇಲ್ಲ, ಆದ್ರೆ ಹೊಸ ಚಿಗುರು ಚಪ್ಪಟೆಯಾಗಿ ಬರ್ತಿದೆ, ಅದನ್ನೇ ನೋಡ್ಬೇಕು.

ಟೊಮೆಟೊ ಕಥೆ ಬೇರೆ. ಒಂದು ಗಿಡದ ಎಲೆ ಚಿಕ್ಕದಾಗಿ ಮೇಲಕ್ಕೆ ಮುದುಡಿ ಅಂಚು ಹಳದಿ, ಬೆಳವಣಿಗೆನೇ ನಿಂತಿತ್ತು, ಬಿಳಿ ನೊಣ ಹರಡೋ ವೈರಸ್ಸು, ಇದಕ್ಕೆ ಔಷಧಿ ಇಲ್ಲ, ಕಿತ್ತು ಚೀಲದಲ್ಲಿ ಕಟ್ಟಿ ಬಿಸಾಕಿದೆ. ಇನ್ನೊಂದರಲ್ಲಿ ಕೆಳಗಿನ ಎಲೆ ಮಾತ್ರ ಮಧ್ಯಾಹ್ನ ಸುರುಳಿ ಸುತ್ತತ್ತೆ, ಬಣ್ಣ ಹಸಿರೇ ಇದೆ, ಅದು ಬಿಸಿಲಿನದ್ದು, ಬುಡಕ್ಕೆ ತರಗೆಲೆ ಹೊದಿಸಿ ಬಿಟ್ಟಿದೀನಿ.